ಕಾಲು ಉಳುಕಿದಾಗ ನೋವು ಎಲ್ಲಿದೆಯೆಂದು ನೋಡಿ

ಮಳೆ ಹಿಡಿದ ಮೇಲೆ ಅಡಿಕೆ ತೋಟದ ಕಣಿಯ ಅಂಚು ಜಾರುವುದು ಕಾಸರಗೋಡು ಕಡೆಯ ರೈತರಿಗೆಲ್ಲ ಗೊತ್ತು. ಹೋದ ಮಳೆಗಾಲ ನಮ್ಮ ನೆರೆಯವರೊಬ್ಬರು ಸೊಪ್ಪಿನ ಹೊರೆ ಹೊತ್ತು ಕಣಿ ದಾಟುವಾಗ ಬಲ ಪಾದ ಒಳಮುಖವಾಗಿ ಮಗುಚಿತು. ಸಂಜೆಯೊಳಗೆ ಪಾದದ ಗಂಟಿನ ಹೊರಬದಿ ಬಾತುಕೊಂಡಿತು. ನರ ಹೊರಳಿದೆ, ಬಿಸಿ ಎಣ್ಣೆ ಹಾಕಿ ತಿಕ್ಕಬೇಕು ಎಂದರು ಮನೆಯ ಹಿರಿಯರು. ಹೊಸ ಪೆಟ್ಟನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವವೂ ಬಾವೂ ಹೆಚ್ಚುವುದರಿಂದ ನಾವು ಬೇಡವೆಂದೆವು.

ನಾವು ಉಳುಕು ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಬಗೆಯ ಪೆಟ್ಟುಗಳಿವೆ. ಮೀನಖಂಡದ ನಡುವಿನ ಮಾಂಸದಲ್ಲಿ ನೋವಿದ್ದು, ಹಿಮ್ಮಡಿ ಎತ್ತಿದಾಗಲೂ ಕಾಲು ಚಾಚಿದಾಗಲೂ ಅದು ಚುಚ್ಚಿದರೆ ಮಾಂಸಖಂಡದ ಎಳೆತ. ಗಂಟಿನ ಬಳಿಯೇ ನೋವು, ಪಾದ ಒಳಕ್ಕೆ ತಿರುಗಿದಾಗ ಹೆಚ್ಚುತ್ತದೆಯಾದರೆ ಎಲುಬಿಗೆ ಎಲುಬನ್ನು ಬಿಗಿದ ಲಿಗಮೆಂಟಿನ ಪೆಟ್ಟು. ನಮ್ಮ ನೆರೆಯವರದು ಇದು. ಮೂರನೆಯದು ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿಯದು. ಹಿಮ್ಮಡಿಯ ಮೇಲಿನ ದಪ್ಪ ಹುರಿ ಹರಿದರೆ ಹಿಂದಿನಿಂದ ಯಾರೋ ಒದ್ದಂತಾಗುತ್ತದೆ. ಬೋರಲು ಮಲಗಿಸಿ ಮೀನಖಂಡವನ್ನು ಹಿಸುಕಿದರೆ ಸರಿಯಿರುವ ಕಾಲಿನ ಪಾದ ಕೆಳಕ್ಕೆ ಬಾಗುತ್ತದೆ. ಹರಿದ ಕಾಲಿನದು ಅಲುಗುವುದಿಲ್ಲ. ಅಂಥವರನ್ನು ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಎಲುಬು ಮುರಿದಿಲ್ಲವೆಂದು ಮೊದಲು ತಿಳಿಯಬೇಕಷ್ಟೆ? ಗಂಟಿನ ಎರಡೂ ಬದಿ ಉಬ್ಬಿದ ಎಲುಬಿನ ತುದಿಯನ್ನೋ ಹಿಂದಿನ ಅಂಚನ್ನೋ ಒತ್ತಿದರೆ ನೋವಾದರೂ, ನಾಲ್ಕು ಹೆಜ್ಜೆ ಊರಲಾಗದಿದ್ದರೂ ಎಕ್ಸ್‌ರೇ ತೆಗೆಸಬೇಕು. ನಮ್ಮವರು ಕುಂಟುತ್ತ ಆರು ಹೆಜ್ಜೆ ಹಾಕಿದರು. ಎಲುಬಿನ ಮೇಲೆ ಒತ್ತಿದಾಗ ನೋವಿರಲಿಲ್ಲ.

ಡಾಕ್ಟರರು ಲಿಗಮೆಂಟಿನ ಪೆಟ್ಟನ್ನು ಮೂರು ದರ್ಜೆ ಮಾಡುತ್ತಾರೆ. ಮೊದಲನೆಯದರಲ್ಲಿ ನಾರು ಎಳೆದಿರುತ್ತದೆ; ಬಾವು ಸ್ವಲ್ಪ, ಒಂದೆರಡು ವಾರದಲ್ಲಿ ಕೆಲಸಕ್ಕಾಗುತ್ತದೆ. ಎರಡನೆಯದರಲ್ಲಿ ಅರ್ಧ ಹರಿದು ನೀಲಿಗಟ್ಟುತ್ತದೆ. ಮೂರರಿಂದ ಆರು ವಾರ ಬೇಕು. ಮೂರನೆಯದರಲ್ಲಿ ಪೂರ್ತಿ ಹರಿದು ಗಂಟು ಸಡಿಲವಾಗುತ್ತದೆ. ಮೂರು ತಿಂಗಳೂ ಹಿಡಿದೀತು. ನೋವಿನಿಂದಲೇ ದರ್ಜೆ ಅಳೆಯಬಾರದು, ಪೂರ್ತಿ ಹರಿದದ್ದು ಕೆಲವೊಮ್ಮೆ ಕಡಿಮೆ ನೋಯುತ್ತದೆ. ಮೊದಲ ದಿನ ಬಾವಿನಿಂದ ಸಡಿಲು ತಿಳಿಯದು. ನಾಲ್ಕೈದು ದಿನ ಕಳೆದು ಮತ್ತೆ ತೋರಿಸುವುದು ಅದಕ್ಕಾಗಿಯೇ.

ಐದನೆಯ ದಿನ ಡಾಕ್ಟರರು ನಮ್ಮವರದನ್ನು ಎರಡನೆಯ ದರ್ಜೆ ಎಂದರು. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷದಂತೆ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತಿ ಮಲಗಿದ್ದರು. ಆಮೇಲೆ ಗಂಟಿಗೆ ಪಟ್ಟಿ ಬಿಗಿದು, ನೋವು ತಡೆಯುವಷ್ಟು ನಡೆದರು. ವಾರಗಟ್ಟಲೆ ಅಲುಗದೆ ಕೂತರೆ ಗಂಟು ಬಿಗಿಯುತ್ತದೆ, ಮಾಂಸ ಸೊರಗುತ್ತದೆ. ಮೂರನೆಯ ವಾರದಿಂದ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿದರು. ಇದನ್ನು ಬಿಟ್ಟವರಿಗೆ ಅದೇ ಕಾಲು ಮತ್ತೆ ಮಗುಚುವುದು ಹೆಚ್ಚು.

ಆರನೆಯ ವಾರ ಅವರು ಹೊರೆ ಹೊತ್ತರು. ಕಣಿಗೆ ಈಗ ಅಡಿಕೆ ಮರದ ಸಂಕ ಹಾಕಿದ್ದಾರೆ.