ಫೋನಿನಲ್ಲಿ ಅಡಿಗೆ ತೊಂಬತ್ತು, ಬಿಲ್ಲಿನಲ್ಲಿ ಒಂದೂವರೆ ಲಕ್ಷ

‘ಅಡಿಗೆ 90 ರೂಪಾಯಿ ಸಾರ್, ನಾಳೆ ಬೆಳಿಗ್ಗೆ ಲಾರಿ ಬರುತ್ತೆ’ ಎಂದು ಬೋರ್‌ವೆಲ್ ಏಜೆಂಟರು ಫೋನಿನಲ್ಲಿ ಹೇಳುತ್ತಾರೆ. ಅಕ್ಕಪಕ್ಕದಲ್ಲಿ 600 ಅಡಿಗೆ ನೀರು ಸಿಕ್ಕಿದೆ ಎಂದು ಕೇಳಿದ ಮನೆಯವರು ಅಲ್ಲೇ ಗುಣಿಸಿ, 54,000 ರೂಪಾಯಿ ಹೊಂದಿಸಿಟ್ಟುಕೊಳ್ಳುತ್ತಾರೆ. ಮರುದಿನ ರಾತ್ರಿ ಲಾರಿಯವರು ಕೈಗಿಡುವ ಬಿಲ್ಲು 1,50,200 ರೂಪಾಯಿಯದ್ದು. ‘ಮೋಸ ಹೋದೆವು’ ಎಂದು ಮೊದಲು ಅನ್ನಿಸುವುದು ಸಹಜ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬಹಳಷ್ಟು ಸಲ ಆ ಬಿಲ್ಲಿನ ಪ್ರತಿ ಸಾಲಿಗೂ ನೆಲದೊಳಗೆ ಒಂದು ಕಾರಣವಿರುತ್ತದೆ. ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ಬೇರ್ಪಡಿಸುವುದು ಹೇಗೆ? ಬೆಂಗಳೂರಿನ ಹೊರವಲಯದ ಒಂದು 30–40 ಸೈಟಿನ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡೋಣ. ಇಲ್ಲಿನ ದರಗಳನ್ನು ಲೆಕ್ಕ ಬೆಳೆಯುವ ಬಗೆ ತಿಳಿಯಲೆಂದು ಕೊಟ್ಟಿದ್ದೇನೆ. ನಿಜವಾದ ದರ ಊರಿನಿಂದ ಊರಿಗೆ, ಡೀಸೆಲ್ ಬೆಲೆ ಏರಿಳಿದಂತೆ ಬದಲಾಗುತ್ತದೆ.

ಅಡಿಗೆ 90 ಎಂದಮೇಲೆ 780 ಅಡಿಗೆ 70,200 ತಾನೇ ಆಗಬೇಕು? 93,200 ಹೇಗಾಯಿತು?

ಫೋನಿನಲ್ಲಿ ಹೇಳಿದ 90 ರೂಪಾಯಿ ಮೊದಲ 300 ಅಡಿಯ ದರ. ಅಲ್ಲಿಂದ ಮುಂದೆ ಪ್ರತಿ ನೂರು ಅಡಿಗೂ ದರ ಏರುತ್ತದೆ. ಇದನ್ನು ಈ ಕಸುಬಿನವರು ಸ್ಲ್ಯಾಬ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ 300ರಿಂದ 400ರವರೆಗೆ ಅಡಿಗೆ 100, ಮುಂದಿನ ನೂರಕ್ಕೆ 115, ಅದರ ಮುಂದಿನ ನೂರಕ್ಕೆ 135, ಆಮೇಲೆ 160, ಕೊನೆಯ 80 ಅಡಿಗೆ 190 ರೂಪಾಯಿ. ಹೀಗೆ ಕೂಡಿಸುತ್ತಾ ಹೋದರೆ 600 ಅಡಿಗೆ 62,000 ಆಗುತ್ತದೆ. ಅದರ ಮೇಲಿನ 180 ಅಡಿಯೊಂದಕ್ಕೇ 31,200.

ಈ ಏರಿಕೆ ಸುಮ್ಮನೆ ಹಾಕಿದ್ದಲ್ಲ. ಬೋರ್ ಲಾರಿಯಲ್ಲಿ ಬಂಡೆ ಒಡೆಯುವುದು ಗಾಳಿಯ ಬಲದಿಂದ. ಕಂಪ್ರೆಸರಿನ ಗಾಳಿ ರಾಡಿನೊಳಗಿಂದ ಇಳಿದು ತಳದಲ್ಲಿರುವ ಹ್ಯಾಮರನ್ನು ಬಡಿಸುತ್ತದೆ. ಅದೇ ಗಾಳಿ ಕಲ್ಲಿನ ಪುಡಿಯನ್ನು ಹೊತ್ತು ಮೇಲೆ ಬರಬೇಕು. ಆಳ ಹೆಚ್ಚಿದಂತೆ ಪುಡಿಯನ್ನು ಎತ್ತಬೇಕಾದ ದೂರ ಹೆಚ್ಚುತ್ತದೆ. ನಡುವೆ ನೀರು ಸಿಕ್ಕಿದ್ದರೆ ಆ ನೀರಿನ ಭಾರವನ್ನೂ ತಳ್ಳಬೇಕು. ಇಳಿಸಿದ ಪ್ರತಿಯೊಂದು ರಾಡನ್ನೂ ಮತ್ತೆ ಬಿಚ್ಚಿ ಮೇಲೆತ್ತಬೇಕು. ಹೀಗಾಗಿ 700ನೇ ಅಡಿಗೆ ಸುಡುವ ಡೀಸೆಲ್ಲೂ ಹಿಡಿಯುವ ಸಮಯವೂ 100ನೇ ಅಡಿಗಿಂತ ಬಹಳ ಹೆಚ್ಚು. ಸ್ಲ್ಯಾಬ್ ಇರುವುದು ತಪ್ಪಲ್ಲ. ಅದನ್ನು ಫೋನಿನಲ್ಲಿ ಹೇಳದೇ ಇರುವುದು ತಪ್ಪು.

ಕೇಸಿಂಗ್ ಎಂದು 54,000 ಹಾಕಿದ್ದಾರೆ. ನಮಗೆ ಅದರ ಮಾತೇ ಬಂದಿರಲಿಲ್ಲವಲ್ಲ?

ಬಿಲ್ಲು ಏರಲು ಅತಿ ದೊಡ್ಡ ಕಾರಣ ಇದೇ. ಜಗಳವಾಗುವುದೂ ಹೆಚ್ಚಾಗಿ ಇದೇ ಸಾಲಿನ ಮೇಲೆ.

ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಮೇಲೆ ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಗಟ್ಟಿ ಬಂಡೆಯಲ್ಲಿ ಕೊರೆದ ತೂತು ತಾನೇ ನಿಲ್ಲುತ್ತದೆ. ಮಣ್ಣು ಮತ್ತು ಕೊಳೆತ ಕಲ್ಲಿನಲ್ಲಿ ನಿಲ್ಲುವುದಿಲ್ಲ, ಕುಸಿಯುತ್ತದೆ. ಆ ಭಾಗಕ್ಕೆ ಪೈಪು ಇಳಿಸಿ ಗೋಡೆಯಂತೆ ತಡೆ ಕೊಡಬೇಕು. ಅದೇ ಕೇಸಿಂಗ್. ಪೈಪು ಕೂರುವಷ್ಟು ಆಳದವರೆಗೆ ತೂತನ್ನು ಅಗಲವಾಗಿಯೂ ಕೊರೆಯಬೇಕಾಗುತ್ತದೆ. ಕೆಲವರು ಅದಕ್ಕೆ ಬೇರೆ ದರ ಹಾಕುತ್ತಾರೆ.

ಕೇಸಿಂಗ್ ಎಷ್ಟು ಅಡಿ ಬೇಕು ಎಂದು ಫೋನಿನಲ್ಲಿ ಯಾರೂ ಹೇಳಲಾರರು. ಒಂದು ಸೈಟಿನಲ್ಲಿ 40 ಅಡಿಗೇ ಬಂಡೆ ಸಿಗಬಹುದು, ಹಳೆಯ ಕೆರೆಯಂಗಳದ ಪಕ್ಕದಲ್ಲಿ ನೂರು ದಾಟಿದರೂ ಸಿಗದಿರಬಹುದು. ನಮ್ಮ ಲೆಕ್ಕದ ಸೈಟಿನಲ್ಲಿ 120 ಅಡಿ ಹಿಡಿಯಿತು. ಅಡಿಗೆ 450ರಂತೆ 54,000.

ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ ಎಂದು ಒತ್ತಿ ಹೇಳುತ್ತೇನೆ. ಪೈಪು ಗಟ್ಟಿ ಬಂಡೆಯೊಳಗೆ ಕೆಲವು ಅಡಿ ಇಳಿದು ಕೂರದೆ ಮಣ್ಣಿನಲ್ಲೇ ನಿಂತರೆ ಮುಂದಿನ ಮಳೆಗಾಲಕ್ಕೆ ಕೆಸರು ಒಳಗಿಳಿಯುತ್ತದೆ. ನೀರು ಕೆಂಪಾಗಿ ಬರುತ್ತದೆ. ಒಂದು ದಿನ ಮೋಟರು ಅಲ್ಲೇ ಸಿಕ್ಕಿಹಾಕಿಕೊಂಡು, ಬಾವಿಯೂ ಮೋಟರೂ ಎರಡೂ ಹೋಗುತ್ತವೆ. ಹತ್ತು ಸಾವಿರ ಉಳಿಸಿ ಲಕ್ಷ ಕಳೆದುಕೊಂಡವರಿದ್ದಾರೆ.

ಹಾಗೆಂದು ಹೇಳಿದಷ್ಟು ಪೈಪಿಗೆ ದುಡ್ಡು ಕೊಡಬೇಕಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಪೈಪು ಇಳಿಸುವುದೂ ಉಂಟು, ಏಕೆಂದರೆ ಪೈಪಿನಲ್ಲಿ ಲಾಭವಿದೆ. ಹೊರಗೆ ಬರುವ ಪುಡಿಯನ್ನು ನೋಡುತ್ತಿರಿ. ಮೊದಲು ಕೆಂಪು ಇಲ್ಲವೇ ಕಂದು ಮಣ್ಣು ಬರುತ್ತದೆ, ಆಮೇಲೆ ಹಳದಿ ಬೆರೆತ ಒರಟು ಮರಳು. ಕೊನೆಗೆ ಬೂದು ಬಣ್ಣದ ನುಣ್ಣನೆ ಪುಡಿ ಹೊಗೆಯಂತೆ ಎದ್ದರೆ, ಅದರಲ್ಲಿ ಚೂಪು ಅಂಚಿನ ಕಲ್ಲಿನ ಚೂರು ಸಿಕ್ಕರೆ, ಗಟ್ಟಿ ಬಂಡೆ ಬಂತೆಂದು ತಿಳಿಯಬಹುದು. ಆ ಹೊತ್ತಿಗೆ ಎಷ್ಟು ಅಡಿಯಾಗಿದೆ ಎಂದು ಡ್ರಿಲ್ಲರ್ ಬಳಿ ಕೇಳಿ ಬರೆದಿಟ್ಟುಕೊಳ್ಳಿ. ಪೈಪುಗಳನ್ನು ಇಳಿಸುವ ಮೊದಲೇ ನೆಲದ ಮೇಲೆ ಮಲಗಿಸಿ ಟೇಪ್ ಹಿಡಿದು ಅಳೆಯಿರಿ. ಮೇಲೆ ಉಳಿದು ಕತ್ತರಿಸಿದ ತುಂಡನ್ನು ಲೆಕ್ಕದಿಂದ ಕಳೆಯಬೇಕು. ಪಿವಿಸಿ ಪೈಪಾದರೆ 6 ಕೆ.ಜಿ.ಯದ್ದೋ 8 ಕೆ.ಜಿ.ಯದ್ದೋ ಎಂದು ಅದರ ಮೈಮೇಲೆ ಅಚ್ಚಾಗಿರುವುದನ್ನು ಓದಿಕೊಳ್ಳಿ. 8ರ ದರ ಹಾಕಿ ತೆಳು ಪೈಪು ಇಳಿಸಿದರೆ ಆಮೇಲೆ ನೋಡಲು ಸಿಗುವುದಿಲ್ಲ.

780 ಅಡಿ ಕೊರೆದರೆಂದು ನಂಬುವುದು ಹೇಗೆ? ಒಳಗೆ ಇಳಿದು ನೋಡಲಾದೀತೇ?

ರಾಡು ಎಣಿಸಿ. ಲಾರಿಯವರೂ ಆಳವನ್ನು ಲೆಕ್ಕ ಹಾಕುವುದು ರಾಡಿನಿಂದಲೇ. ಸಾಮಾನ್ಯವಾಗಿ ಒಂದು ರಾಡು 20 ಅಡಿ ಇರುತ್ತದೆ. ಕೆಲವು ಲಾರಿಗಳಲ್ಲಿ ಅದಕ್ಕಿಂತ ಗಿಡ್ಡ ರಾಡುಗಳೂ ಇರುವುದರಿಂದ ಕೆಲಸಕ್ಕೆ ಮೊದಲು ಒಂದನ್ನು ಅಳೆದುಬಿಡಿ. 20 ಅಡಿಯದ್ದಾದರೆ 780 ಅಡಿಗೆ 39 ರಾಡು. ಹ್ಯಾಮರಿನ ಉದ್ದ ಸ್ವಲ್ಪ ಸೇರುತ್ತದೆ, ಕೊನೆಯ ರಾಡು ನೆಲದಿಂದ ಮೇಲೆ ಉಳಿದದ್ದು ಸ್ವಲ್ಪ ಕಳೆಯುತ್ತದೆ. ಆ ಐದಾರು ಅಡಿಗೆ ತಕರಾರು ಬೇಡ.

ಕೆಲಸ ಬಹಳ ಸಲ ರಾತ್ರಿಯಲ್ಲಿ ಮುಗಿಯುತ್ತದೆ. ದೂಳು, ಕಿವಿಗಡಚಿಕ್ಕುವ ಸದ್ದು. ಮನೆಯವರು ಒಳಗೆ ಹೋಗಿ ಕೂತಿರುತ್ತಾರೆ. ಎರಡು ರಾಡಿನ ವ್ಯತ್ಯಾಸ ಬಂದರೂ ಆ ಆಳದಲ್ಲಿ 7,600 ರೂಪಾಯಿ. ಆದ್ದರಿಂದ ಒಬ್ಬರು ಹೊರಗಿದ್ದು, ಪ್ರತಿ ರಾಡು ಜೋಡಿಸಿದಾಗ ಕಾಗದದ ಮೇಲೊಂದು ಗೆರೆ ಎಳೆಯಲಿ. ಇಳಿಯುವಾಗ ಎಣಿಕೆ ತಪ್ಪಿದರೆ ರಾಡು ಬಿಚ್ಚುವಾಗ ಮತ್ತೊಮ್ಮೆ ಎಣಿಸಬಹುದು. ಆಗ ಒಂದೊಂದಾಗಿ ಕಣ್ಣೆದುರೇ ಮೇಲೆ ಬರುತ್ತವೆ. ದುಡ್ಡು ಕೊಡುವ ಮೊದಲು ಉದ್ದ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ ನೋಡುವವರೂ ಇದ್ದಾರೆ. ಆದರೆ ತಳದಲ್ಲಿ ಪುಡಿ ಕೂತಿದ್ದರೆ ಹಗ್ಗ ಕಡಿಮೆ ತೋರಿಸುತ್ತದೆ, ಹಾಗಾಗಿ ಅದೊಂದನ್ನೇ ನೆಚ್ಚಿ ಜಗಳಕ್ಕೆ ನಿಲ್ಲಬೇಡಿ.

ನಾವು 600 ಅಡಿಗೆಂದು ಒಪ್ಪಿದ್ದೆವು. ಅವರೇ ಮುಂದೆ ಹೋದರೆ?

600 ಅಡಿ ಮುಟ್ಟಿದಾಗ ಯಂತ್ರ ನಿಲ್ಲುತ್ತದೆ. ಲಾರಿಯ ಮ್ಯಾನೇಜರ್ ಬಂದು ‘ಸಾರ್, ನೀರು ಸಾಲದು. ಇನ್ನೊಂದು ನೂರು ಅಡಿ ಹೋಗೋಣವಾ?’ ಎನ್ನುತ್ತಾರೆ. ಅಷ್ಟು ಖರ್ಚು ಮಾಡಿ ಬರಿಗೈಯಲ್ಲಿ ನಿಲ್ಲಲು ಯಾರಿಗೂ ಮನಸ್ಸು ಬಾರದು. ‘ಹೂಂ’ ಎನ್ನುತ್ತಾರೆ. ಆ ಒಂದು ‘ಹೂಂ’ಗೆ ನಮ್ಮ ಲೆಕ್ಕದಲ್ಲಿ 16,000 ರೂಪಾಯಿ. ಮನೆಯವರಿಗೆ ಮಾತ್ರ ಅದು ಇನ್ನೂ ಅಡಿಗೆ 90ರಂತೆ 9,000 ಎಂದೇ ಮನಸ್ಸಿನಲ್ಲಿರುತ್ತದೆ.

ಗಟ್ಟಿ ಬಂಡೆಯ ಸೀಮೆಯಲ್ಲಿ ನೀರಿರುವುದು ಬಿರುಕುಗಳಲ್ಲಿ. ಮುಂದಿನ ನೂರು ಅಡಿಯಲ್ಲಿ ಬಿರುಕು ಸಿಗುತ್ತದೆಂದು ಯಾರೂ ಖಾತ್ರಿ ಕೊಡಲಾರರು. ಪಾಯಿಂಟ್ ನೋಡಿದವರೂ ಕೊಡಲಾರರು. ನೀವು ಕೊಡುವ ದುಡ್ಡು ಅಡಿಗೆ, ನೀರಿಗಲ್ಲ. ನೀರು ಬಾರದಿದ್ದರೂ ಬಿಲ್ಲು ಅಷ್ಟೇ. ಹಾಗಾಗಿ ಎಲ್ಲಿಯವರೆಗೆ ಹೋಗುವುದು ಎಂಬುದನ್ನು ಲಾರಿ ಬರುವ ಹಿಂದಿನ ದಿನವೇ ಮನೆಯಲ್ಲಿ ಕೂತು ತೀರ್ಮಾನಿಸಿ. ಅಕ್ಕಪಕ್ಕದ ಮೂರು ನಾಲ್ಕು ಮನೆಗಳಲ್ಲಿ ಕೇಸಿಂಗ್ ಎಷ್ಟು ಅಡಿ ಹಿಡಿಯಿತು, ನೀರು ಎಷ್ಟು ಅಡಿಗೆ ಬಂತು ಎಂದು ಕೇಳಿ. ಕೇಸಿಂಗ್ ವಿಷಯದಲ್ಲಿ ಅವರ ಉತ್ತರ ಬಹುಮಟ್ಟಿಗೆ ನಿಮಗೂ ಹೊಂದುತ್ತದೆ. ನೀರಿನ ವಿಷಯದಲ್ಲಿ ಐವತ್ತು ಅಡಿ ಆಚೆಗೇ ಕಥೆ ಬೇರೆಯಾಗಬಹುದು.

ಇನ್ನೂ 3,000 ರೂಪಾಯಿ ಬಾಟಾ, ಮುಚ್ಚಳ ಎಂದು ಸೇರಿಸಿದ್ದಾರೆ.

ಬಾಟಾ ಎಂದರೆ ಕೆಲಸದ ಹುಡುಗರ ಊಟ, ಕೈಖರ್ಚು. ಮುಚ್ಚಳ ಬೇಕೇ ಬೇಕು. ತೆರೆದ ಕೊಳವೆಬಾವಿಗೆ ಮಕ್ಕಳು ಬಿದ್ದ ಸುದ್ದಿ ನಾವೆಲ್ಲ ಓದಿದ್ದೇವೆ. ಜಿಎಸ್‌ಟಿ ದರದೊಳಗೇ ಇದೆಯೇ, ಮೇಲಿಂದ ಬರುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಹಾಗಾದರೆ ಫೋನಿನಲ್ಲಿ ಏನು ಕೇಳಬೇಕಿತ್ತು?

ಮಾತಾಡುತ್ತಿರುವವರು ಲಾರಿಯ ಮಾಲೀಕರೋ ಏಜೆಂಟರೋ ಎಂದು ಮೊದಲು ಕೇಳಿ. ಕರ್ನಾಟಕದಲ್ಲಿ ಓಡಾಡುವ ಎಷ್ಟೋ ಬೋರ್ ಲಾರಿಗಳು ತಮಿಳುನಾಡಿನ ತಿರುಚೆಂಗೋಡಿನ ಕಡೆಯವು. ನಡುವೆ ಊರಿನ ಏಜೆಂಟರು ಇರುತ್ತಾರೆ. ಫೋನಿನಲ್ಲಿ ದರ ಹೇಳಿದವರು ಒಬ್ಬರು, ಬಿಲ್ಲು ಬರೆಯುವವರು ಇನ್ನೊಬ್ಬರು ಆಗುವುದು ಹೀಗೆ. ಆಮೇಲೆ ಸಾವಿರ ಅಡಿಯವರೆಗಿನ ಸ್ಲ್ಯಾಬ್ ದರ, ತೂತು ಆರೂವರೆ ಇಂಚಿನದ್ದೋ ನಾಲ್ಕೂವರೆಯದ್ದೋ, ಕೇಸಿಂಗ್ ಯಾವ ಕಂಪನಿಯದು, ಎಷ್ಟು ಕೆ.ಜಿ.ಯದು, ಅಡಿಗೆ ಎಷ್ಟು ಎಂಬುದನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಲಾರಿ ನೋಂದಣಿಯಾದದ್ದೇ ಎಂದೂ ವಿಚಾರಿಸಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಬೋರ್ ಕೊರೆಯುವ ಸಂಸ್ಥೆಗಳು ನೋಂದಾಯಿಸಿಕೊಂಡಿರಬೇಕು.

ದುಡ್ಡು ಕೊಟ್ಟಾಗಿದೆ. ಈಗ ಏನಾದರೂ ಮಾಡಬಹುದೇ?

ಬಿಲ್ಲಿನಲ್ಲಿ ಒಟ್ಟು ಮೊತ್ತವಷ್ಟೇ ಇದ್ದರೆ ಸ್ಲ್ಯಾಬಿನ ಪ್ರಕಾರ ಬಿಡಿಸಿ ಬರೆದುಕೊಡಲು ಕೇಳಿ. ಮಾಲೀಕರೊಂದಿಗೆ ನೇರವಾಗಿ ಮಾತಾಡಿದರೆ ಏಜೆಂಟರು ಸೇರಿಸಿದ್ದು ಎಷ್ಟು ಎಂದು ತಿಳಿದುಬಂದೀತು. ರಾಡಿನ ಎಣಿಕೆ, ಪೈಪಿನ ಅಳತೆ, ವಾಟ್ಸಾಪಿನ ಮಾತು ನಿಮ್ಮ ಬಳಿ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಬರಿಯ ಬಾಯಿಮಾತಿನ ದರವನ್ನು ಹಿಡಿದು ಹೋದರೆ ಕೆಲಸವಾಗುವುದು ಕಷ್ಟ. ಯಾವುದಕ್ಕೂ ಬಿಲ್ಲಿನ ಹಿಂಬದಿಯಲ್ಲಿ ಒಟ್ಟು ಆಳ, ಕೇಸಿಂಗಿನ ಉದ್ದ, ನೀರು ಸಿಕ್ಕ ಆಳ ಮೂರನ್ನೂ ಬರೆಸಿ ಲಾರಿಯವರ ಸಹಿ ಹಾಕಿಸಿಡಿ. ಮುಂದಿನ ವಾರ ಮೋಟರು ಇಳಿಸಲು ಬರುವ ಮೆಕ್ಯಾನಿಕ್ ಮೊದಲು ಕೇಳುವುದೇ ಅದನ್ನು.