ಕಪಾಟಿನಲ್ಲಿರುವ ಚೆಕ್ಕು ಇನ್ನೂ ದುಡ್ಡಲ್ಲ

ರಾಣೆಬೆನ್ನೂರಿನ ಬೀಜ-ಗೊಬ್ಬರದ ಸಗಟು ವ್ಯಾಪಾರದ ಲೆಕ್ಕ ಮುಂಗಾರಿನಲ್ಲಿ ಶುರುವಾದರೆ ಚುಕ್ತಾ ಆಗುವುದು ಗೋವಿನಜೋಳ ಮಾರಾಟವಾದ ಮೇಲೆ. ರೈತ ಹಳ್ಳಿಯ ಅಂಗಡಿಗೆ ಉದ್ರಿ ಹೇಳುತ್ತಾನೆ, ಅಂಗಡಿಯವನು ಸಗಟು ವ್ಯಾಪಾರಿಗೆ ಮುಂದಿನ ತಾರೀಖಿನ ಚೆಕ್ ಬರೆದುಕೊಡುತ್ತಾನೆ. ಬಜಾರಿನಲ್ಲಿ ಅದಕ್ಕೆ ಪಿಡಿಸಿ ಎನ್ನುತ್ತಾರೆ. ಜುಲೈ ಕೊನೆಗೆ ಸಗಟು ಅಂಗಡಿಯ ಕಪಾಟಿನಲ್ಲಿ ಇಂಥ ಚೆಕ್ಕುಗಳ ಕಟ್ಟೇ ಇರುತ್ತದೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. 2025ರ ಜುಲೈ 10ರಂದು ಒಬ್ಬ ಡೀಲರಿಗೆ 2,40,000 ರೂಪಾಯಿಯ ಮಾಲು ಹೋಯಿತು. ಆತ ಅಕ್ಟೋಬರ್ 10ರ ತಾರೀಖು ಹಾಕಿ ಅಷ್ಟೇ ಮೊತ್ತದ ಚೆಕ್ ಕೊಟ್ಟ. ಗುಮಾಸ್ತ ಅದನ್ನು ಅವತ್ತೇ ಜಮಾ ಎಂದು ಬರೆದುಬಿಟ್ಟರೆ ಡೀಲರಿನ ಖಾತೆ ಸೊನ್ನೆ ತೋರಿಸುತ್ತದೆ. ಮರುವಾರ ಆತ ಇನ್ನೊಂದು ಲೋಡಿಗೆ ಫೋನ್ ಮಾಡಿದಾಗ ಬಾಕಿ ಏನೂ ಇಲ್ಲವೆಂದು ಮಾಲು ಹೊರಟುಬಿಡುತ್ತದೆ. ಉದ್ರಿಯ ಮಿತಿ ಎಷ್ಟೇ ಬಿಗಿಯಾಗಿ ಇಟ್ಟಿದ್ದರೂ ಮುರಿಯುವುದು ಇಲ್ಲಿಯೇ. ಚೆಕ್ ಬೌನ್ಸ್ ಆದದ್ದರಿಂದ ಆಗುವ ನಷ್ಟಕ್ಕಿಂತ ಅದು ಪಾಸಾದೀತೆಂದು ನಂಬಿ ಕಳಿಸಿದ ಎರಡನೇ ಲೋಡಿನ ನಷ್ಟವೇ ಎಷ್ಟೋ ಸಲ ದೊಡ್ಡದು.

ಟ್ಯಾಲಿ ಬಳಸುವವರಿಗೆ ಇದಕ್ಕೆ ದಾರಿ ಇದೆ. ರಸೀದಿ ವೋಚರಿನಲ್ಲಿ `Ctrl+T` ಒತ್ತಿ ಪೋಸ್ಟ್ ಡೇಟೆಡ್ ಎಂದು ಗುರುತು ಮಾಡಿದರೆ ಆ ತಾರೀಖು ಬರುವವರೆಗೆ ಡೀಲರಿನ ಬಾಕಿ ಇಳಿಯುವುದಿಲ್ಲ. ಕೈಪುಸ್ತಕವಾದರೂ ಸಾಕು. ಚೆಕ್ ನಂಬರು, ಬ್ಯಾಂಕು, ಮೊತ್ತ, ಯಾವ ಬಿಲ್ಲಿಗೆ ಸೇರಿದ್ದು ಎಂಬುದರ ಜೊತೆಗೆ ನಾಲ್ಕು ತಾರೀಖುಗಳಿಗೆ ಜಾಗ ಬೇಕು: ಚೆಕ್ಕಿನ ಮೇಲಿನದು, ಬ್ಯಾಂಕಿಗೆ ಹಾಕಿದ್ದು, ವಾಪಸ್ ಬಂದದ್ದು, ನೋಟಿಸಿನ ಕೊನೆಯ ದಿನ. ಪುಸ್ತಕವನ್ನು ಡೀಲರುಗಳ ಹೆಸರಿನ ಪ್ರಕಾರ ಇಡಬಾರದು, ಚೆಕ್ಕಿನ ತಾರೀಖಿನ ಪ್ರಕಾರ ಇಡಬೇಕು. ಬೆಳಿಗ್ಗೆ ತೆರೆದ ಕೂಡಲೇ ಇವತ್ತು ಯಾವುದು, ನಾಳೆ ಯಾವುದು ಎಂದು ಕಾಣಬೇಕು.

ತಾರೀಖಿಗೆ ಮುಂಚೆ ಹಾಕಿ ಪ್ರಯೋಜನವಿಲ್ಲ. ಬ್ಯಾಂಕು ಹಿಂದಿರುಗಿಸುತ್ತದೆ, ಹಾಗೆ ಬಂದದ್ದರ ಮೇಲೆ ಕೇಸೂ ನಿಲ್ಲದು. ಹಾಗೆಂದು ಕಪಾಟಿನಲ್ಲೇ ಬಿಟ್ಟರೆ ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ. 2012ರ ಏಪ್ರಿಲ್‌ಗೆ ಮುಂಚೆ ಆರು ತಿಂಗಳಿತ್ತು. ಹಳಬರಲ್ಲಿ ಕೆಲವರ ತಲೆಯಲ್ಲಿ ಆ ಲೆಕ್ಕ ಈಗಲೂ ಉಳಿದಿದೆ.

2025ರ ಅಕ್ಟೋಬರ್ 4ರಿಂದ ಇನ್ನೊಂದು ಬದಲಾವಣೆ ಬಂದಿದೆ. ಬ್ಯಾಂಕುಗಳು ಹಗಲಿನಲ್ಲಿ ಚೆಕ್ಕಿನ ಚಿತ್ರವನ್ನು ಬಂದಹಾಗೇ ಕ್ಲಿಯರಿಂಗಿಗೆ ಕಳಿಸುತ್ತವೆ, ಹಣ ಕೊಡಬೇಕಾದ ಬ್ಯಾಂಕು ಸಂಜೆ 7ರೊಳಗೆ ಹೌದು-ಅಲ್ಲ ಹೇಳಬೇಕು. ಚೆಕ್ ಹಾಕಿದ ಮೇಲೆ ಒಂದು ದಿನ ಸಿಗುತ್ತದೆ, ಅಷ್ಟರಲ್ಲಿ ಖಾತೆಗೆ ದುಡ್ಡು ತುಂಬೋಣ ಎಂಬ ಡೀಲರುಗಳ ಹಳೇ ಲೆಕ್ಕ ಈಗ ನಡೆಯದು. ಆದ್ದರಿಂದ ಎರಡು ದಿನ ಮೊದಲೇ ಫೋನ್ ಮಾಡುವುದು ಮರ್ಯಾದೆಯೂ ಹೌದು, ಜಾಣತನವೂ ಹೌದು.

ಫೋನ್ ಮಾಡಿದರೆ ಬರುವ ಉತ್ತರವೂ ಗೊತ್ತಿದ್ದದ್ದೇ: "ಸಾವ್ಕಾರ್ರ, ಪೂರಾ ಚೆಕ್ ಹಾಕಬ್ಯಾಡ್ರಿ. ಗೋವಿನಜೋಳದ ರೊಕ್ಕ ಇನ್ನೂ ಬಂದಿಲ್ಲ. ಸದ್ಯಕ್ಕ ತೊಂಬತ್ತು ಸಾವಿರ ಹಾಕ್ತೀನಿ." ನಮ್ಮ ಲೆಕ್ಕದ ಡೀಲರು ಅಕ್ಟೋಬರ್ 6ರಂದು 90,000 ರೂಪಾಯಿ ಬ್ಯಾಂಕಿಗೆ ಕಳಿಸಿದ ಎನ್ನೋಣ. ಸೇಲ್ಸ್ ಹುಡುಗನಿಗೆ ಖುಷಿ. ಗುಮಾಸ್ತ ಅದನ್ನು ಯಾವ ಬಿಲ್ಲಿಗೂ ಸೇರಿಸದೆ ಖಾತೆಗೆ ಜಮಾ ಮಾಡಿದ. ಚೆಕ್ಕಿನ ಕಟ್ಟು ಇಟ್ಟುಕೊಂಡವರಿಗೆ ಯಾರೂ ಹೇಳಲಿಲ್ಲ. 10ನೇ ತಾರೀಖು 2,40,000ದ ಚೆಕ್ ಹಾಗೇ ಬ್ಯಾಂಕಿಗೆ ಹೋಯಿತು, ಸಂಜೆ 'ಹಣ ಸಾಲದು' ಎಂಬ ಮೆಮೊ ಜೊತೆ ವಾಪಸ್ ಬಂತು.

ಈಗ ವಕೀಲರ ಹತ್ತಿರ ಹೋದರೆ ಏನಾಗುತ್ತದೆ? ಚೆಕ್ ಬೌನ್ಸಿಗೆ ಶಿಕ್ಷೆ ಹೇಳುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಕಾನೂನಿನಂತೆ ವಸೂಲಾಗಬೇಕಾದ ಸಾಲಕ್ಕೆ ಕೊಟ್ಟ ಚೆಕ್ಕಿಗೆ ಮಾತ್ರ ಅದು ಅನ್ವಯ. ಚೆಕ್ ಹಾಕಿದ ದಿನ ಬಾಕಿ ಇದ್ದದ್ದು ಒಂದೂವರೆ ಲಕ್ಷ, ಹಾಕಿದ ಚೆಕ್ಕು ಎರಡು ಲಕ್ಷ ನಲವತ್ತು ಸಾವಿರದ್ದು. 2022ರಲ್ಲಿ ದಶರಥಭಾಯಿ ತ್ರಿಕಂಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ನಡುವೆ ಒಂದು ಭಾಗ ಪಾವತಿಯಾಗಿದ್ದರೆ ಅದನ್ನು 56ನೇ ಕಲಮಿನ ಪ್ರಕಾರ ಚೆಕ್ಕಿನ ಮೇಲೆ ನಮೂದಿಸಿ ಉಳಿದ ಮೊತ್ತಕ್ಕಷ್ಟೇ ಹಾಕಬೇಕು, ಪೂರ್ತಿ ಮೊತ್ತಕ್ಕೆ ಹಾಕಿ ಬೌನ್ಸ್ ಆದರೆ 138ರ ಅಪರಾಧವಾಗದು. ಒಂದೂವರೆ ಲಕ್ಷದ ಸಾಲ ಎಲ್ಲಿಗೂ ಹೋಗುವುದಿಲ್ಲ, ಸಿವಿಲ್ ದಾವೆ ಹೂಡಬಹುದು. ಆದರೆ ಡೀಲರು ಹೆದರುವುದು 138ಕ್ಕೆ, ದಾವೆಗಲ್ಲ.

ಚೆಕ್ಕಿನ ಮೇಲೆ ಬರೆಯುವ ಗೋಜಿಗಿಂತ ಸುಲಭದ ದಾರಿಯೆಂದರೆ 90,000 ಬಂದ ದಿನವೇ ಹಳೇ ಚೆಕ್ ಹಿಂದಿರುಗಿಸಿ 1,50,000ಕ್ಕೆ ಹೊಸದು ಬರೆಸಿಕೊಳ್ಳುವುದು. ಹಿಂದಿರುಗಿಸಿದ್ದಕ್ಕೆ ಸಹಿ ಪಡೆದು, ಹೊಸ ನಂಬರನ್ನು ಪುಸ್ತಕದಲ್ಲಿ ಹಳೇ ಬಿಲ್ಲಿನ ಎದುರಿಗೇ ಬರೆಯಬೇಕು.

ಹಾಗೆ ಮಾಡಿದ್ದೆವು, ಹೊಸ ಚೆಕ್ಕೂ ಅಕ್ಟೋಬರ್ 10ರಂದು ವಾಪಸ್ ಬಂತು ಎಂದುಕೊಳ್ಳಿ. ಮೊದಲು ಮೆಮೊ ಓದಬೇಕು. 'ಸಹಿ ತಾಳೆಯಿಲ್ಲ', 'ಅಕ್ಷರ-ಅಂಕಿ ಬೇರೆ' ಎಂದಿದ್ದರೆ ಕೈತಪ್ಪೂ ಇರಬಹುದು, ಬೇರೆ ಚೆಕ್ ಕೇಳಿ ನೋಡಬಹುದು. 'ಪಾವತಿ ತಡೆಯಲಾಗಿದೆ', 'ಖಾತೆ ಮುಚ್ಚಿದೆ' ಎಂದಿದ್ದರೆ ಮಾಲು ನಿಲ್ಲಿಸಿ. 'ಹಣ ಸಾಲದು' ಎಂದಿದ್ದರೆ ಆಯಸ್ಸು ಇರುವವರೆಗೆ ಮತ್ತೆ ಹಾಕಬಹುದು, ಎರಡನೇ ಸಲದ ಬೌನ್ಸಿನ ಮೇಲೂ ಕೇಸು ಹಾಕಲು ಬರುತ್ತದೆ. ಡೀಲರು ಸಮಯ ಕೇಳಿದ, 27ಕ್ಕೆ ಮತ್ತೆ ಹಾಕಿದ್ದು ಅವತ್ತೇ ಹಿಂದಕ್ಕೆ ಬಂತು. ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನದೊಳಗೆ, ಅಂದರೆ ನವೆಂಬರ್ 26ರೊಳಗೆ, ಹಣ ಕೇಳಿ ಲಿಖಿತ ನೋಟಿಸು ಹೋಗಬೇಕು. 5ರಂದು ಕಳಿಸಿದ ನೋಟಿಸು 8ಕ್ಕೆ ಡೀಲರಿಗೆ ತಲುಪಿದರೆ ಆತನಿಗೆ 15 ದಿನ, 23ರವರೆಗೆ. ಆ ಗಡುವು ಮುಗಿಯುವ ಮುಂಚೆ ಕೊಟ್ಟ ದೂರು ನಿಲ್ಲುವುದಿಲ್ಲ. ಮುಗಿದ ಮೇಲೆ ಒಂದು ತಿಂಗಳು ಕಾಲಾವಕಾಶ, ಡಿಸೆಂಬರ್ 23ರೊಳಗೆ ಮುಗಿಸಿದರೆ ನಿಶ್ಚಿಂತೆ. 2015ರ ತಿದ್ದುಪಡಿಯ ನಂತರ ದೂರನ್ನು ನಮ್ಮ ಖಾತೆ ಇರುವ ಶಾಖೆಯ ಊರಿನ ಕೋರ್ಟಿನಲ್ಲೇ ಕೊಡಬಹುದು. ನೋಟಿಸಿನ ಅಂಚೆ ರಸೀದಿ, ತಲುಪಿದ ದಾಖಲೆ, ಮೆಮೊ, ಚೆಕ್ಕಿನ ಮೂಲಪ್ರತಿ ಇವೆಲ್ಲ ಒಂದೇ ಲಕೋಟೆಯಲ್ಲಿರಲಿ.

ಲೆಕ್ಕದ ಪುಸ್ತಕದಲ್ಲಿಯೂ ಒಂದು ಎಚ್ಚರ ಬೇಕು. ಬೌನ್ಸ್ ಆದ ಚೆಕ್ಕಿನ ಜಮಾ ನಮೂದನ್ನು ಅಳಿಸಬಾರದು, ತಿರುಗುಮುರುಗು ನಮೂದು ಹಾಕಿ ಜುಲೈ 10ರ ಬಿಲ್ಲಿಗೇ ಜೋಡಿಸಬೇಕು. ಹೊಸ ಬಾಕಿಯೆಂದು ಬರೆದರೆ ಮೂರು ತಿಂಗಳ ಹಳೇ ಉದ್ರಿ ವರದಿಯಲ್ಲಿ ಹೊಚ್ಚಹೊಸದಾಗಿ ಕಾಣುತ್ತದೆ. ಚೆಕ್ಕಿನ ಮೇಲೆ ಚೆಕ್ಕು ಬದಲಾಯಿಸಿಕೊಡುತ್ತ ಹೋಗುವ ಡೀಲರುಗಳು ಅಡಗುವುದು ಈ ಸಂದಿಯಲ್ಲೇ. ಬ್ಯಾಂಕು ಕಡಿದುಕೊಂಡ ಶುಲ್ಕವನ್ನು ಡೀಲರಿನ ಹೆಸರಿಗೆ ಹಚ್ಚಬಹುದು. ಚೆಕ್ ಬೌನ್ಸಿಗೆ ಹಾಕುವ ದಂಡಕ್ಕೆ ಜಿಎಸ್‌ಟಿ ಬೀಳುವುದಿಲ್ಲವೆಂದು 2022ರ ಆಗಸ್ಟಿನ ಸುತ್ತೋಲೆಯೊಂದು ಸ್ಪಷ್ಟಪಡಿಸಿದೆ.

ಕಪಾಟಿನ ತಳದಲ್ಲಿ ಡೀಲರುಗಳು ಭದ್ರತೆಗೆಂದು ವರ್ಷಗಳ ಹಿಂದೆ ಕೊಟ್ಟ ಚೆಕ್ಕುಗಳೂ ಇರಬಹುದು. ಅವುಗಳ ಮೇಲೆ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನ ಹೆಸರಿದ್ದರೆ ಆ ಹಾಳೆಗಳು ಈಗ ಚಲಾವಣೆಯಲ್ಲಿಲ್ಲ. 2019 ಮತ್ತು 2020ರಲ್ಲಿ ಆ ಬ್ಯಾಂಕುಗಳು ಬರೋಡಾ, ಕೆನರಾ, ಯೂನಿಯನ್ ಬ್ಯಾಂಕುಗಳೊಳಗೆ ಸೇರಿಹೋದವು. ಮುಂದಿನ ಮುಂಗಾರಿನ ಲೋಡ್ ಹೊರಡುವ ಮುಂಚೆ ಬದಲಿ ಚೆಕ್ ಕೇಳಿದರೆ ಡೀಲರು ಕೊಟ್ಟಾನು, ಹೊರಟ ಮೇಲೆ ಕೇಳಿದರೆ ಕಷ್ಟ.