ರಿಟರ್ನ್ ಸಲ್ಲಿಸಿದ್ದಾಯಿತು, ದೃಢೀಕರಣ ಉಳಿದುಹೋಯಿತು

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು 2024ರ ಜುಲೈ 28ರಂದು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರು. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು 18,400 ರೂಪಾಯಿ ಟಿಡಿಎಸ್ ಹಿಡಿದಿತ್ತು. ಅವರ ಆದಾಯಕ್ಕೆ ತೆರಿಗೆಯೇ ಬೀಳುವಂತಿರಲಿಲ್ಲವಾದ್ದರಿಂದ ಅಷ್ಟೂ ಹಣ ವಾಪಸ್ ಬರಬೇಕಿತ್ತು. ಫೆಬ್ರುವರಿ ಬಂದರೂ ಹಣ ಬರಲಿಲ್ಲ. "ಕಳಿಸಿದ ಕಾಗದ ನನ್ನ ಹತ್ತಿರವೇ ಇದೆಯಲ್ಲಪ್ಪ" ಎಂದು ಒಂದು ಮುದ್ರಿತ ಹಾಳೆ ತಂದು ತೋರಿಸಿದರು.

ಆ ಹಾಳೆಯ ತಲೆಬರಹದಲ್ಲೇ ಉತ್ತರವಿತ್ತು. ಅಲ್ಲಿದ್ದದ್ದು "Acknowledgement" ಅಲ್ಲ, "Verification Form", ಅಂದರೆ ಐಟಿಆರ್-ವಿ. ದೃಢೀಕರಣ ಆಗದ ರಿಟರ್ನಿಗೆ ಸಿಗುವುದು ಈ ಹಾಳೆ. ಆಧಾರ್‌ಗೆ ಜೋಡಿಸಿದ್ದ ಹಳೆಯ ಸಿಮ್ ಬಂದ್ ಆಗಿ ಓಟಿಪಿ ಬಂದಿರಲಿಲ್ಲ. ಆಮೇಲೆ ಮಾಡಿದರಾಯಿತು ಎಂದು ಬಿಟ್ಟದ್ದು ಮರೆತೇ ಹೋಗಿತ್ತು.

ಸಲ್ಲಿಸಿದ 30 ದಿನಗಳೊಳಗೆ ದೃಢೀಕರಿಸಬೇಕು. 2022ರ ಆಗಸ್ಟ್‌ಗೆ ಮುಂಚೆ 120 ದಿನ ಇತ್ತು, ಹಾಗಾಗಿ ಹಳಬರೇ ಹೆಚ್ಚು ಎಡವುತ್ತಾರೆ. ಅವಧಿ ಮೀರಿ ದೃಢೀಕರಿಸಿದರೆ, ದೃಢೀಕರಿಸಿದ ದಿನವೇ ಸಲ್ಲಿಸಿದ ದಿನ ಎಂದು ಲೆಕ್ಕ. ಜುಲೈನಲ್ಲೇ ಕಳಿಸಿದ್ದ ರಿಟರ್ನ್ ಕೂಡ ತಡವಾದದ್ದಾಗಿ 5,000 ರೂಪಾಯಿವರೆಗೆ ಶುಲ್ಕ ಬೀಳಬಹುದು. ದೃಢೀಕರಿಸದೇ ಬಿಟ್ಟರಂತೂ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದಂತೆ.

ಮೇಷ್ಟ್ರಿಗೆ ಹೊಸದಾಗಿ ಸಲ್ಲಿಸುವ ದಾರಿಯೂ ಇರಲಿಲ್ಲ. ತಡವಾದ ರಿಟರ್ನಿನ ಗಡುವು ಆ ವರ್ಷ ಜನವರಿ 15ಕ್ಕೆ ಮುಗಿದಿತ್ತು. ಆಮೇಲೆ ಹಾಕಬಹುದಾದ ನವೀಕೃತ ರಿಟರ್ನಿನಲ್ಲಿ, ಅಂದರೆ ಐಟಿಆರ್-ಯುನಲ್ಲಿ, ಹಣ ವಾಪಸ್ ಕೇಳುವಂತಿಲ್ಲ. ಉಳಿದದ್ದು ಒಂದೇ: ವಿಳಂಬ ಮನ್ನಿಸಿ ಎಂಬ ಕೋರಿಕೆ.

ಇದಕ್ಕೆ ಕಚೇರಿ ಅಲೆಯಬೇಕಿಲ್ಲ. ಪೋರ್ಟಲ್‌ನಲ್ಲಿ ಲಾಗಿನ್ ಆಗಿ `Services` ಕೆಳಗಿನ `Condonation Request`ಗೆ ಹೋಗಿ, ಐಟಿಆರ್-ವಿ ವಿಳಂಬದ ಆಯ್ಕೆ ಒತ್ತಿ, ಆ ರಿಟರ್ನ್ ಆರಿಸಿ ಕಾರಣ ಬರೆಯಬೇಕು. "ವೈಯಕ್ತಿಕ ಕಾರಣ" ಎಂದು ಬರೆದರೆ ಓದುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ನಾವು ಹೀಗೆ ಬರೆದೆವು: ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಸ್ಥಗಿತವಾಗಿದ್ದರಿಂದ ಓಟಿಪಿ ಬರಲಿಲ್ಲ, ಫೆಬ್ರುವರಿಯಲ್ಲಿ ಹೊಸ ಸಂಖ್ಯೆ ಜೋಡಿಸಿದ್ದೇನೆ, ವಿಳಂಬ ಉದ್ದೇಶಪೂರ್ವಕವಲ್ಲ. ಸಂಖ್ಯೆ ಬದಲಿಸಿದ ಆಧಾರ್ ಕೇಂದ್ರದ ರಸೀದಿಯನ್ನೂ ಜೋಪಾನ ಮಾಡಿಟ್ಟುಕೊಂಡೆವು.

ಬಹಳ ಮಂದಿ ಕೋರಿಕೆ ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ. ಕೋರಿಕೆ ಹಾಕಿದ ಮೇಲೆ ರಿಟರ್ನನ್ನು ದೃಢೀಕರಿಸಲೂ ಬೇಕು. ಆಧಾರ್ ಓಟಿಪಿ ಆಗದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು. ಅಷ್ಟಾದರೂ ಅಧಿಕಾರಿ ಒಪ್ಪಿದ ಮೇಲಷ್ಟೇ ಅದು ಸಿಂಧು. ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ, ಅದು ಹಕ್ಕಲ್ಲ, ವಿವೇಚನೆ.

ಮೇಷ್ಟ್ರು ಈಗ ದಿನಾ ಬೆಳಗ್ಗೆ `View Filed Returns` ತೆರೆದು, ಕೋರಿಕೆಗೆ ಒಪ್ಪಿಗೆ ಸಿಕ್ಕಿ ರಿಟರ್ನಿನ ಸ್ಥಿತಿ ಮುಂದೆ ಸರಿದಿದೆಯೇ ಎಂದು ನೋಡುತ್ತಾರೆ.